ನಿಮ್ಮ ಪೀಠಿಕೆ ಏಳನೇ ಪುಟದಲ್ಲಿದೆ

“ಸರ್, ಪಾಂಡವಪುರ ಕಡೆಯ ಆಲೆಮನೆಗಳ ಮಾತಿನ ಬಗ್ಗೆ ಕಳಿಸಿದ ಲೇಖನ ‘ರಿಸರ್ಚ್ ಗ್ಯಾಪ್ ಕಾಣುತ್ತಿಲ್ಲ’ ಎಂಬ ಟಿಪ್ಪಣಿಯೊಂದಿಗೆ ವಾಪಸ್ ಬಂದಿದೆ. ‘ಈ ವಿಷಯದ ಮೇಲೆ ಈವರೆಗೆ ಯಾರೂ ಅಧ್ಯಯನ ಮಾಡಿಲ್ಲ’ ಎಂದು ಮೂರನೇ ಪುಟದಲ್ಲೇ ಬರೆದಿದ್ದೇನೆ. ಇನ್ನೇನು ಬರೆಯಬೇಕು?”

ಆ ಟಿಪ್ಪಣಿ ಬರೆದವನು ನಾನೇ. ಒಂದೇ ಸಾಲಿನಲ್ಲಿ ಮುಗಿಸಿದ್ದು ತಪ್ಪಾಯಿತು. ರಿಸರ್ಚ್ ಗ್ಯಾಪ್ ಅಂದರೆ ಹಿಂದಿನವರ ಅಧ್ಯಯನ ಮುಟ್ಟದೆ ಬಿಟ್ಟ ಖಾಲಿ ಜಾಗ. ಈಗ ಬಿಡಿಸಿ ಹೇಳುತ್ತೇನೆ.

ನಿಮ್ಮ ಪೀಠಿಕೆ ‘ಭಾರತ ಕೃಷಿ ಪ್ರಧಾನ ದೇಶ’ ಅಂತ ಶುರುವಾಗುತ್ತದೆ. ಆಮೇಲೆ ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, 1933ರ ಮೈಸೂರು ಸಕ್ಕರೆ ಕಂಪನಿ. ಎಲ್ಲ ನಿಜವೇ. ಆದರೆ ಇದು ಕಬ್ಬಿನ ಕಥೆ, ನಿಮ್ಮ ಲೇಖನ ಇರುವುದು ಮಾತಿನ ಬಗ್ಗೆ. ಎರಡೂವರೆ ಪುಟ ಕಳೆದರೂ ಭಾಷೆಯ ಸುದ್ದಿಯೇ ಇಲ್ಲ. ಹಿನ್ನೆಲೆ ವಿಶಾಲವಾಗಿರಲಿ ಅಂದರೆ ದೇಶದಿಂದ ಶುರು ಮಾಡಿ ಅಂತಲ್ಲ. ನಿಮ್ಮ ಪ್ರಶ್ನೆ ಯಾವ ದೊಡ್ಡ ಪ್ರಶ್ನೆಯ ಒಂದು ತುಂಡು, ಅಲ್ಲಿಂದ ಶುರು ಮಾಡಬೇಕು. ನಿಮ್ಮ ವಿಷಯದಲ್ಲಿ ಆ ದೊಡ್ಡ ಪ್ರಶ್ನೆ ಇದು: ಕಸುಬು ಮಾಡುವ ಜನ ಬದಲಾದರೆ ಕಸುಬಿನ ಪದಗಳು ಏನಾಗುತ್ತವೆ?

ಇನ್ನು ‘ಯಾರೂ ಮಾಡಿಲ್ಲ’ ಅನ್ನುವ ಸಾಲು. ಅದನ್ನು ಓದಿದ ಕೂಡಲೇ ಎರಡು ಅನುಮಾನ ಬರುತ್ತವೆ. ಇವರು ಹುಡುಕಿ ನೋಡಿದ್ದಾರಾ? ಯಾರೂ ಮಾಡದೆ ಇದ್ದರೆ ಏನಾಯಿತು? ಮಾಡದೆ ಬಿಟ್ಟ ವಿಷಯಗಳು ಲಕ್ಷ ಇವೆ, ಅಲ್ವಾ? ಬೇರೆಯವರು ಎಲ್ಲಿವರೆಗೆ ಬಂದು ನಿಂತರು ಅಂತ ತೋರಿಸಿದಾಗ ಮಾತ್ರ ಖಾಲಿ ಜಾಗ ಕಣ್ಣಿಗೆ ಕಾಣುತ್ತದೆ. ನಂಜನಗೂಡಿನ ಒಕ್ಕಲಿಗರ ಮಾತಿನ ಮೇಲೆ ಯು.ಪಿ. ಉಪಾಧ್ಯಾಯರ ಪುಸ್ತಕ 1960ರ ದಶಕದಲ್ಲೇ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂದಿದೆ. ಅದು ಆ ಮಾತಿನ ಉಚ್ಚಾರಣೆ, ವ್ಯಾಕರಣವನ್ನು ವಿವರಿಸುತ್ತದೆ. ಕನ್ನಡದಲ್ಲಿ ಕಸುಬುಗಳ ಪದಕೋಶಗಳೂ ಬಂದಿವೆ. ಅವುಗಳ ಕೆಲಸ ಪದ ಕೂಡಿಸಿ ಅರ್ಥ ಕೊಡುವುದು. ಇವೆರಡನ್ನೂ ನೀವು ಮುಟ್ಟಿಲ್ಲ. ಮುಟ್ಟಿದ್ದರೆ ನಿಮ್ಮ ಜಾಗ ತಾನಾಗಿ ಸಿಗುತ್ತಿತ್ತು.

ಆ ಜಾಗ ನನಗೆ ಸಿಕ್ಕಿದ್ದು ನಿಮ್ಮ ಏಳನೇ ಪುಟದಲ್ಲಿ. ಉತ್ತರ ಪ್ರದೇಶದಿಂದ ಬಂದ ಕೆಲಸಗಾರ ಕೊಪ್ಪರಿಗೆಯನ್ನು ‘ಕಡಾಯಿ’ ಅನ್ನುತ್ತಾನೆ. ಈಗ ಆಲೆಮನೆಯ ಯಜಮಾನರೂ ಅವನ ಹತ್ತಿರ ‘ಕಡಾಯಿ’ ಅಂತಲೇ ಹೇಳುತ್ತಾರೆ. ಹೆಂಡತಿಯ ಹತ್ತಿರ ಮಾತ್ರ ‘ಕೊಪ್ಪರಿಗೆ’. ಆದರೆ ‘ಪಾಕ’ ಅನ್ನುವ ಪದವನ್ನು ಕೆಲಸಗಾರನೇ ಕಲಿತುಬಿಟ್ಟಿದ್ದಾನೆ. ಇದನ್ನು ಓದಿ ನಾನು ಎದ್ದು ಕೂತೆ. ಒಂದು ಪದ ಯಾಕೆ ಹೋಯಿತು, ಇನ್ನೊಂದು ಯಾಕೆ ಉಳಿಯಿತು? ಇದೇ ನಿಮ್ಮ ಲೇಖನ. ನೀವು ಅದನ್ನು ‘ಇತರ ಅಂಶಗಳು’ ಅನ್ನುವ ತಲೆಬರಹದ ಕೆಳಗೆ ಹಾಕಿದ್ದೀರಿ.

ಸಂಶೋಧನಾ ಲೇಖನಗಳ ಪೀಠಿಕೆಗಳನ್ನು ಬಿಡಿಸಿ ನೋಡಿದ ಜಾನ್ ಸ್ವೇಲ್ಸ್ ಅನ್ನುವ ಭಾಷಾ ವಿದ್ವಾಂಸರು 1990ರಲ್ಲಿ ಮೂರು ನಡೆ ಹೇಳಿದರು: ಮೊದಲು ಹೊಲ ತೋರಿಸು, ಆಮೇಲೆ ಅದರಲ್ಲಿ ಉಳುಮೆಯಾಗದ ತುಂಡು ತೋರಿಸು, ಕೊನೆಗೆ ಅಲ್ಲಿ ನೀನು ನಿಲ್ಲು. ಹೊಲದ ಹೋಲಿಕೆ ನನ್ನದು, ನಡೆ ಅವರದು. ಇದರ ಪ್ರಕಾರ ನಿಮ್ಮದೇ ಪೀಠಿಕೆಯನ್ನು ಬರೆದು ನೋಡಿದೆ:

“ಕಸುಬಿಗೆ ಹೊಸ ಜನ ಬಂದಾಗ ಅದರ ಪದಗಳೂ ಬದಲಾಗುತ್ತವೆ. ಮೈಸೂರು ಸೀಮೆಯ ಮಾತಿನ ಉಚ್ಚಾರಣೆ, ವ್ಯಾಕರಣಗಳ ವಿವರಣೆ ನಮ್ಮಲ್ಲಿದೆ. ಕಸುಬಿನ ಪದಗಳನ್ನು ಪದಕೋಶಗಳು ಕೂಡಿಸಿವೆ. ಆದರೆ ಪದಕೋಶ ಪದವನ್ನು ಹೇಳುತ್ತದೆ, ಅದನ್ನು ಯಾರು ಯಾರ ಹತ್ತಿರ ಬಳಸುತ್ತಾರೆ ಎಂದು ಹೇಳುವುದಿಲ್ಲ. ಹಿಂದಿ ಮಾತಾಡುವ ಕೆಲಸಗಾರರಿರುವ ಆಲೆಮನೆಯಲ್ಲಿ ಈ ಪ್ರಶ್ನೆ ದಿನವೂ ಎದುರಾಗುತ್ತದೆ. ಪಾಂಡವಪುರ ತಾಲ್ಲೂಕಿನ ಮೂರು ಆಲೆಮನೆಗಳಲ್ಲಿ ಯಾರು ಯಾರ ಹತ್ತಿರ ಯಾವ ಪದ ಬಳಸುತ್ತಾರೆ ಎಂಬುದನ್ನು ಈ ಲೇಖನ ನೋಡುತ್ತದೆ.”

‘ಆದರೆ’ ಅನ್ನುವ ಪದದ ಮೇಲೆ ಕಣ್ಣಿಡಿ. ತಿರುವು ಅಲ್ಲೇ ಇದೆ. ಅದರ ಮುಂದಿನ ‘ಯಾರು ಯಾರ ಹತ್ತಿರ’ ಅನ್ನುವ ಮಾತು ಕೊನೆಯ ಸಾಲಿನಲ್ಲಿ ಮತ್ತೆ ಬರುತ್ತದೆ. ಕೊರತೆ ಹೇಳುವ ಸಾಲಿಗೂ ಕೆಲಸ ಹೇಳುವ ಸಾಲಿಗೂ ಹೀಗೆ ಒಂದೇ ಪದ ಇಲ್ಲದಿದ್ದರೆ ನೀವು ತೋಡಿದ ಗುಂಡಿ ಒಂದು, ಮುಚ್ಚಿದ್ದು ಇನ್ನೊಂದು ಅಂತ ಅರ್ಥ. ನಿಮ್ಮ ಮೊದಲ ಪ್ರತಿಯಲ್ಲಿ ಆಗಿರುವುದೂ ಅದೇ. ಶೀರ್ಷಿಕೆ ‘ಮಂಡ್ಯ ಜಿಲ್ಲೆಯ ಆಲೆಮನೆ ಭಾಷೆ’ ಅನ್ನುತ್ತದೆ, ನೀವು ಮಾತಾಡಿಸಿದ್ದು ಮೂರು ಆಲೆಮನೆಯ ಹನ್ನೊಂದು ಜನರನ್ನು. ಹನ್ನೊಂದು ಜನ ಕಡಿಮೆ ಅಲ್ಲ. ಜಿಲ್ಲೆ ಅನ್ನುವುದು ಜಾಸ್ತಿಯಾಯಿತು.

ಒಂದು ಎಚ್ಚರಿಕೆ. ನಾನು ಬರೆದ ‘ಆದರೆ’ ಸಾಲನ್ನು ಸುಮ್ನೆ ನಂಬಬೇಡಿ. ಮಾನಸಗಂಗೋತ್ರಿಗೆ ಒಂದು ದಿನ ಬನ್ನಿ. ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಭಾರತೀಯ ಭಾಷಾ ಸಂಸ್ಥಾನ ಎರಡೂ ಅಲ್ಲೇ ಇವೆ. ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಜಾಲತಾಣ ನೋಡಿ. ‘ಆಲೆಮನೆ’ ಅಂತ ಮಾತ್ರ ಹುಡುಕಬೇಡಿ. ವಲಸೆ ಕೆಲಸಗಾರರ ಭಾಷೆ, ಕಸುಬಿನ ಪದ ಅಂತಲೂ ಹುಡುಕಿ. ಇದೇ ಪ್ರಶ್ನೆಯನ್ನು ಬೇರೆ ಕಸುಬಿನಲ್ಲಿ ಯಾರಾದರೂ ಕೇಳಿದ್ದರೆ ಗಾಬರಿ ಬೇಡ. ಅವರನ್ನು ‘ಆದರೆ’ಗೆ ಮುಂಚೆ ಕೂರಿಸಿ, ಅವರ ಕಸುಬಿಗೂ ಆಲೆಮನೆಗೂ ಇರುವ ವ್ಯತ್ಯಾಸವನ್ನು ಆಮೇಲೆ ಬರೆಯಿರಿ.

ಪೀಠಿಕೆ ಒಂದೂವರೆ ಪುಟ ಮೀರದಿರಲಿ. ನಾಲೆಯ ಕಥೆ ತೆಗೆಯಿರಿ. ಯಜಮಾನರು, ಅವರ ಹೆಂಡತಿ, ಕೆಲಸಗಾರ ಮಾತಾಡಿದ್ದನ್ನು ನೀವು ಕೇಳಿದ ಹಾಗೇ ಬರೆದು, ‘ಇತರ ಅಂಶಗಳು’ ಅನ್ನುವ ತಲೆಬರಹ ಕಿತ್ತು, ಮತ್ತೆ ಕಳಿಸಿ.

— ಸಂಪಾದಕ, ಮೈಸೂರು