ಡೈರಿ ಬಟವಾಡೆ: ಹಿಡಿದ ದುಡ್ಡು ಯಾವ ಖಾತೆಗೆ ಹೋಯಿತು?

ಪ್ರಶ್ನೆ: ನಮ್ಮೂರ ಡೈರಿಗೆ ದಿನಕ್ಕೆ 10 ಲೀಟರ್ ಹಾಲು ಹಾಕ್ತೀನಿ. ಈ ಸಲ ಹದಿನೈದು ದಿನಕ್ಕೆ 5,100 ರೂಪಾಯಿ ಆಗಿತ್ತು. ಫೀಡ್‌ಗೆ 2,600, ಷೇರಿಗೆ 75 ಹಿಡಿದು 2,425 ಕೊಟ್ಟರು. ನಾನು ತಂದಿದ್ದು ಒಂದೇ ಮೂಟೆ. ಷೇರು ಸದಸ್ಯನಾಗುವಾಗಲೇ ಕಟ್ಟಿದ್ದೆ. ಇದು ಸರಿಯಾ?

ಉತ್ತರ: ಮೊದಲು ಫೀಡ್ ನೋಡೋಣ. ಮೂಟೆಗೆ 1,300 ರೂಪಾಯಿ ಇದ್ದರೆ ನಿಮಗೆ ಎರಡು ಮೂಟೆ ಹಿಡಿದಿದ್ದಾರೆ. ಹಿಂದಿನ ಬಟವಾಡೆಯ ಲೆಕ್ಕ ಮುಗಿಸಿದ ಮೇಲೆ, ಅಂದರೆ ಕೊನೆಯ ಒಂದೆರಡು ದಿನದಲ್ಲಿ, ನೀವೋ ಮನೆಯವರೋ ಮೂಟೆ ತಂದಿದ್ದರಾ? ಅದು ಆ ಬಿಲ್ಲಿಗೆ ಸೇರಿರುವುದಿಲ್ಲ, ಈ ಬಿಲ್ಲಿಗೆ ಬರುತ್ತದೆ. ಹಿಂದಿನ ಚೀಟಿಯಲ್ಲಿ ಫೀಡ್ ಕಡಿತ ಇಲ್ಲದಿದ್ದರೆ ವಿಷಯ ಇಷ್ಟೇ. ಅಲ್ಲೂ ಹಿಡಿದಿದ್ದರೆ ಫೀಡ್ ವಿತರಣೆ ಪುಸ್ತಕ ತೋರಿಸಿ ಎಂದು ಕೇಳಿ. ಮೂಟೆ ಕೊಟ್ಟ ತಾರೀಕು, ಪಡೆದವರ ಸಹಿ ಅದರಲ್ಲಿರಬೇಕು. ಸಂಘಗಳ ಲೆಕ್ಕ ನೋಡುವಾಗ ನಾನು ಜಾಸ್ತಿ ಕಂಡ ತಪ್ಪು ಒಂದೇ: ಬೇರೆ ಸದಸ್ಯರ ನಂಬರಿಗೆ ಬರೆಯುವುದು. 47ರ ಮೂಟೆ 41ಕ್ಕೆ ಏರಿರುತ್ತದೆ. ತೋರಿಸಿದರೆ ಮುಂದಿನ ಬಟವಾಡೆಯಲ್ಲಿ ಸರಿಮಾಡುತ್ತಾರೆ.

ಇನ್ನು ಆ 75 ರೂಪಾಯಿ. ಇದನ್ನು ಸಣ್ಣದು ಅಂತ ಸುಮ್ನೆ ಬಿಡಬೇಡಿ. ನೀವು ಹಾಕಿದ ಹಾಲು 150 ಲೀಟರ್, ಅಂದರೆ ಲೀಟರಿಗೆ 50 ಪೈಸೆ ಹಿಡಿದಂತೆ. ವರ್ಷ ಪೂರ್ತಿ ಹೀಗೇ ಹಾಲು ಹಾಕಿದರೆ 1,825 ರೂಪಾಯಿ ಆಗುತ್ತದೆ! ಸಂಘಗಳು ಮಹಾಸಭೆಯಲ್ಲಿ ತೀರ್ಮಾನ ಮಾಡಿ ಹೀಗೆ ಲೀಟರ್ ಲೆಕ್ಕದಲ್ಲಿ ಹೆಚ್ಚುವರಿ ಷೇರು ಕೂಡಿಸುವುದುಂಟು. ಹಾಗಾಗಿ ಹಿಡಿದಿದ್ದೇ ತಪ್ಪು ಅನ್ನಲಾರೆ. ಅದು ಎಲ್ಲಿಗೆ ಹೋಯಿತು ಅನ್ನುವುದೇ ಮುಖ್ಯ.

ಷೇರು ಖಾತೆಗೆ ಹೋಗಿದ್ದರೆ ಅದು ನಿಮ್ಮದೇ ದುಡ್ಡು. ಲಾಭ ಬಂದ ವರ್ಷ ಅದಕ್ಕೆ ಡಿವಿಡೆಂಡ್ ಬರಬಹುದು. ಸದಸ್ಯತ್ವ ಬಿಟ್ಟಾಗ, ಫೀಡ್ ಬಾಕಿ ಏನಾದರೂ ಇದ್ದರೆ ಮುರಿದುಕೊಂಡು, ನಿಯಮದ ಪ್ರಕಾರ ವಾಪಸ್ ಕೊಡುತ್ತಾರೆ. ತೀರಿಕೊಂಡರೆ ನಾಮಿನಿಗೆ ಸೇರುತ್ತದೆ. ಆದರೆ ಕೆಲವು ಕಡೆ ಬಾಯಲ್ಲಿ ‘ಷೇರು’ ಅಂದು, ಪುಸ್ತಕದಲ್ಲಿ ಕಟ್ಟಡ ನಿಧಿಗೆ ಬರೆಯುತ್ತಾರೆ. ಕಟ್ಟಡ ನಿಧಿ ಸಂಘದ್ದು. ಅದು ನಿಮ್ಮ ಹೆಸರಿಗೆ ವಾಪಸ್ ಬರುವ ದುಡ್ಡಲ್ಲ. ಎರಡೂ ಒಂದೇ ಅಲ್ಲ ಅಲ್ವಾ?

ಅದಕ್ಕೇ ಷೇರು ಲೆಡ್ಜರಿನಲ್ಲಿ ನಿಮ್ಮ ಪುಟ ತೆಗೆಸಿ ನೋಡಿ. ಸೇರುವಾಗ ಕಟ್ಟಿದ್ದು, ಆಮೇಲೆ ಪ್ರತಿ ಬಟವಾಡೆಯಲ್ಲಿ ಹಿಡಿದದ್ದು, ಎರಡೂ ಸೇರಿ ಮೊತ್ತ ಬೆಳೆಯುತ್ತಿರಬೇಕು. ನಿಂತಲ್ಲೇ ನಿಂತಿದ್ದರೆ ಯಾವ ಸಭೆಯ ಯಾವ ನಿರ್ಣಯದ ಮೇಲೆ ಹಿಡಿಯುತ್ತಿದ್ದೀರಿ ಎಂದು ಕಾರ್ಯದರ್ಶಿಗೆ ಬರವಣಿಗೆಯಲ್ಲಿ ಕೇಳಿ. ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಅದೇ ಪ್ರತಿ ಇಟ್ಟು ತಾಲ್ಲೂಕಿನ ಸಹಕಾರ ಇಲಾಖೆ ಕಚೇರಿಗೆ ದೂರು ಕೊಡಬಹುದು.

ಅಂದಹಾಗೆ, ಸರ್ಕಾರ ಲೀಟರ್ ಲೆಕ್ಕದಲ್ಲಿ ಕೊಡುವ ಪ್ರೋತ್ಸಾಹಧನವನ್ನು ಈ ಬಿಲ್ಲಿನಲ್ಲಿ ಹುಡುಕಬೇಡಿ. ಅದು ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬೇರೆಯಾಗಿ ಬರುತ್ತದೆ.