ಎದುರು ಮನೆಯವರ ವಿರುದ್ಧ ನಿಂತಾಗ ಏನು ಬರೆಯಬೇಕು?

ಓದುಗರ ಪತ್ರ:

"ಟಿಳಕವಾಡಿಯಲ್ಲಿ ನಮ್ಮದು 48 ಫ್ಲ್ಯಾಟ್‌ಗಳ ಅಪಾರ್ಟ್‌ಮೆಂಟ್. ಬಿಲ್ಡರ್ ಕೀಲಿ ಕೊಟ್ಟು ನಾಲ್ಕು ವರ್ಷ ಆಗಿದೆ. ಮುಂದಿನ ತಿಂಗಳು ಸಂಘದ ಚುನಾವಣೆ. ಕಾರ್ಯದರ್ಶಿ ಸ್ಥಾನಕ್ಕೆ ನಾನು ನಿಲ್ಲುತ್ತಿದ್ದೇನೆ, ಈಗಿನ ಕಾರ್ಯದರ್ಶಿಯವರೂ ಮತ್ತೆ ನಿಂತಿದ್ದಾರೆ. ಅವರು ನಮ್ಮ ಎದುರು ಮನೆಯವರೇ. ಅವರನ್ನು ನೋಯಿಸದೆ ನನ್ನ ಮಾತು ಹೇಳಬೇಕು. ನೋಟಿಸ್ ಬೋರ್ಡಿಗೆ ಹೀಗೆ ಬರೆದಿದ್ದೇನೆ: 'ಇನ್ನು ಮುಂದಾದರೂ ಲೆಕ್ಕ ಪಾರದರ್ಶಕವಾಗಿರಲಿ. ಟೆರೇಸ್ ಸೋರಿಕೆ ನಿಲ್ಲಿಸುತ್ತೇನೆ. 24 ಗಂಟೆ ನೀರು ಕೊಡುತ್ತೇನೆ. ಮೇಂಟೆನೆನ್ಸ್ ಜಾಸ್ತಿ ಮಾಡುವುದಿಲ್ಲ. ಬ್ಯಾಂಕಿನಲ್ಲಿ 32 ವರ್ಷ ಸೇವೆ ಸಲ್ಲಿಸಿದ್ದೇನೆ.' ಇದು ಸರಿ ಇದೆಯಾ?"
— ಒಬ್ಬ ಓದುಗರು, ಬೆಳಗಾವಿ

ಸಂಪಾದಕರ ಉತ್ತರ:

ಮೇಡಂ, ನೀವು ಯಾರ ಹೆಸರನ್ನೂ ಎತ್ತಿಲ್ಲ, ನಿಜ. ಆದರೆ ಮೊದಲ ಸಾಲಿನಲ್ಲೇ ಏಟು ಕೊಟ್ಟಿದ್ದೀರಿ. ಇದುವರೆಗೆ ಲೆಕ್ಕ ನೋಡಿಕೊಂಡವರು ಒಬ್ಬರೇ ಅಲ್ವಾ? ಬೋರ್ಡ್ ಓದಿದ ಸಂಜೆ ಅವರ ಮನೆಯವರು ಲಿಫ್ಟ್‌ನಲ್ಲಿ ಸಿಕ್ಕು, "ವೈನಿ, ಇದು ನಮ್ಮವ್ರಿಗೇ ಹೇಳಿದ್ದಲ್ಲಾ?" ಎಂದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಇಂಥ ಸಾಲನ್ನು ಸರಿ ಮಾಡುವುದು ಸುಲಭ. ಹಿಂದೆ ಏನಾಗಿತ್ತು ಎನ್ನುವುದನ್ನು ಬಿಟ್ಟು, ನೀವು ಯಾವ ದಿನ ಏನು ಮಾಡುತ್ತೀರಿ ಎಂದು ಬರೆಯಿರಿ. "ಪ್ರತಿ ತಿಂಗಳು 10ನೇ ತಾರೀಖಿನೊಳಗೆ ಹಿಂದಿನ ತಿಂಗಳ ಜಮಾ, ಖರ್ಚು ಮತ್ತು ಬ್ಯಾಂಕಿನಲ್ಲಿ ಉಳಿದ ಹಣ, ಈ ಮೂರನ್ನು ಒಂದು ಹಾಳೆಯಲ್ಲಿ ಬರೆದು ಬೋರ್ಡಿಗೆ ಹಾಕುತ್ತೇನೆ." ಇದರಲ್ಲಿ ಯಾರ ಮೇಲೂ ಆರೋಪ ಇಲ್ಲ. ಜತೆಗೆ ಇದನ್ನು ಪರೀಕ್ಷೆ ಮಾಡಬಹುದು. 11ನೇ ತಾರೀಖು ಬೋರ್ಡ್ ಖಾಲಿ ಇದ್ದರೆ ಯಾರಾದರೂ ನಿಮ್ಮನ್ನು ಕೇಳುತ್ತಾರೆ. ಕೇಳಲಿ ಬಿಡಿ.

ಈಗ ಟೆರೇಸ್ ವಿಷಯ. ನಿಮ್ಮ ಹಾಳೆಯಲ್ಲಿ ಅತಿ ಹೆಚ್ಚು ತೂಕ ಇರುವುದು ಇದಕ್ಕೇ. ಆದರೆ ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ.

"ಸೋರಿಕೆ ನಿಲ್ಲಿಸುತ್ತೇನೆ" ಎಂದಾಗ ಓದುವವರ ಮನಸ್ಸಿನಲ್ಲಿ ಬರುವ ಮೊದಲ ಪ್ರಶ್ನೆ, ದುಡ್ಡು ಯಾರದು? ಟೆರೇಸ್ 6,000 ಚದರಡಿ ಇದೆ, ವಾಟರ್‌ಪ್ರೂಫಿಂಗ್‌ಗೆ ಚದರಡಿಗೆ 60 ರೂಪಾಯಿ ಎಂದು ಇಟ್ಟುಕೊಳ್ಳೋಣ. 3,60,000 ರೂಪಾಯಿ ಆಯಿತು. 48 ಮನೆಗೆ ಹಂಚಿದರೆ ತಲಾ 7,500. ಅಷ್ಟು ದೊಡ್ಡ ಖರ್ಚಿಗೆ ಸಾಮಾನ್ಯವಾಗಿ ಮಹಾಸಭೆಯ ಒಪ್ಪಿಗೆ ಬೇಕಾಗುತ್ತದೆ, ಕಾರ್ಯದರ್ಶಿ ಒಬ್ಬರೇ ಚೆಕ್ ಬರೆಯಲಾಗದು. ಎಷ್ಟು ರೂಪಾಯಿಯವರೆಗೆ ಸಮಿತಿಯೇ ಖರ್ಚು ಮಾಡಬಹುದು ಎನ್ನುವುದು ನಿಮ್ಮ ಬೈಲಾದಲ್ಲಿ ಇರಬೇಕು, ಒಮ್ಮೆ ನೋಡಿಕೊಳ್ಳಿ.

ಆದರೆ ನಿಮ್ಮ ಪತ್ರದಲ್ಲಿ ಇನ್ನೊಂದು ಮಾತಿದೆ. ಕೀಲಿ ಕೊಟ್ಟು ನಾಲ್ಕು ವರ್ಷ ಎಂದಿದ್ದೀರಿ. ರೇರಾ ಎಂದು ಕರೆಯುವ 2016ರ ರಿಯಲ್ ಎಸ್ಟೇಟ್ ಕಾಯ್ದೆಯ 14(3)ನೇ ಕಲಂ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ಅಥವಾ ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು, ಅದನ್ನು ಬಿಲ್ಡರ್ ಗಮನಕ್ಕೆ ತಂದರೆ, ಅವರು 30 ದಿನದೊಳಗೆ ತಮ್ಮ ಖರ್ಚಿನಲ್ಲೇ ಸರಿ ಮಾಡಿಕೊಡಬೇಕು. ಮಾಡದಿದ್ದರೆ ಪರಿಹಾರ ಕೇಳಬಹುದು. ರೇರಾ ಪ್ರಾಧಿಕಾರಕ್ಕೆ ಸಂಘದ ಹೆಸರಿನಲ್ಲೇ ದೂರು ಕೊಡಬಹುದು. ಅಂದರೆ ನಿಮಗಿನ್ನೂ ಸುಮಾರು ಒಂದು ವರ್ಷ ಉಳಿದಿದೆ. ಮನೆಗೆ 7,500 ರೂಪಾಯಿ ಎತ್ತುವ ಮೊದಲು ಬಾಗಿಲು ತಟ್ಟಬೇಕಾದದ್ದು ಬಿಲ್ಡರ್‌ದು.

ಇದಕ್ಕೆ ಸ್ವಲ್ಪ ತಯಾರಿ ಬೇಕು. ಫೋನ್‌ನಲ್ಲಿ ಹೇಳಿದ್ದು, ಸೈಟಿನ ಸೂಪರ್‌ವೈಸರ್‌ಗೆ ತೋರಿಸಿದ್ದು ಮುಂದೆ ಸಾಕ್ಷಿಯಾಗಿ ನಿಲ್ಲುವುದು ಕಷ್ಟ. ನೋಟಿಸ್ ಬರಹದಲ್ಲಿ ಇರಬೇಕು, ಸ್ಪೀಡ್ ಪೋಸ್ಟಿನಲ್ಲಿ ಹೋಗಬೇಕು. ಮೇಲಿನ ಮಹಡಿಯ ಯಾವ ಮನೆಯ ಯಾವ ಕೋಣೆಯಲ್ಲಿ ತೇವ ಇದೆ ಎಂದು ತಾರೀಖಿನ ಜತೆ ಫೋಟೋ ತೆಗೆದಿಡಿ. ನಿಮ್ಮೂರಿನ ಮಳೆ ಗೊತ್ತಿದ್ದದ್ದೇ. ಜೂನ್‌ನಲ್ಲಿ ಹಿಡಿದರೆ ಗೋಡೆ ಒಣಗಲು ಬಿಡುವುದಿಲ್ಲ, ಆಗ ನೀರು ಎಲ್ಲಿಂದ ಬಂತು ಎಂದು ಹುಡುಕುವುದೂ ಕಷ್ಟ. ಅದಕ್ಕೆ ಬೇಸಿಗೆಯಲ್ಲೇ ನೀರು ನಿಲ್ಲಿಸುವ ಪರೀಕ್ಷೆ ಮಾಡಿಸಿ. ಟೆರೇಸಿನ ಒಂದು ಭಾಗದ ಮಳೆನೀರಿನ ಪೈಪಿಗೆ ಬಟ್ಟೆ ತುರುಕಿ, ಸುತ್ತ ಸಿಮೆಂಟಿನ ಚಿಕ್ಕ ಕಟ್ಟೆ ಕಟ್ಟಿ, ಒಂದೆರಡು ಇಂಚು ನೀರು ನಿಲ್ಲಿಸಿ. ಒಂದೆರಡು ದಿನ ಹಾಗೇ ಬಿಟ್ಟು ಕೆಳಗಿನ ಮನೆಯ ಸೀಲಿಂಗ್ ನೋಡಿ. ಕಲೆ ಅಲ್ಲೇ ಬಂದರೆ ದೋಷ ಮೇಲಿನ ಪದರದ್ದು. ಟೆರೇಸ್ ಒಣಗಿದ್ದಾಗಲೂ ಕಲೆ ದೊಡ್ಡದಾಗುತ್ತಿದ್ದರೆ ಅನುಮಾನ ಗೋಡೆಯೊಳಗಿನ ಪೈಪಿನ ಮೇಲೆ ಹೋಗಬೇಕು. ಎರಡಕ್ಕೂ ರಿಪೇರಿ ಬೇರೆ ಬೇರೆ.

ಒಂದು ತೊಡಕೂ ಇದೆ. ಟೆರೇಸಿನಲ್ಲಿ ಯಾರಾದರೂ ಡಿಶ್ ಆಂಟೆನಾ ನಿಲ್ಲಿಸಲು ಡ್ರಿಲ್ ಹೊಡೆದಿದ್ದರೆ, ಸೋಲಾರ್ ಸ್ಟ್ಯಾಂಡಿಗೆ ಬೋಲ್ಟ್ ಹಾಕಿದ್ದರೆ, ಬಿಲ್ಡರ್ ಅದನ್ನೇ ತೋರಿಸಿ "ನೀವೇ ತೂತು ಮಾಡಿದ್ದೀರಿ" ಎನ್ನುತ್ತಾರೆ. ಆ ಜಾಗಗಳ ಫೋಟೋ ಕೂಡ ಇರಲಿ. ಸೋರುವ ಜಾಗ ಅದರಿಂದ ದೂರ ಇದೆ ಎಂದು ತೋರಿಸಲು ಬೇಕಾಗುತ್ತದೆ.

ಇಷ್ಟನ್ನೂ ಹಾಳೆಯಲ್ಲಿ ಬರೆಯಬೇಡಿ. ಒಂದೆರಡು ಸಾಲು ಸಾಕು. ಆದರೆ ಮೆಟ್ಟಿಲ ಹತ್ತಿರ ನಿಂತು ಯಾರಾದರೂ "ಹ್ಯಾಂಗ್ ಮಾಡ್ತೀರಿ?" ಎಂದು ಕೇಳಿದರೆ ಹೇಳಲು ಇದೆಲ್ಲ ತಲೆಯಲ್ಲಿ ಇರಬೇಕು. ಮತ್ತೊಂದು ಎಚ್ಚರಿಕೆ: "ನಾಲ್ಕು ವರ್ಷ ಸುಮ್ನೆ ಕಳೆದುಹೋಯಿತು" ಎಂದು ಬಾಯಿತಪ್ಪಿಯೂ ಬರೆಯಬೇಡಿ. ಈಗಿನ ಸಮಿತಿ ಬಿಲ್ಡರ್‌ಗೆ ಆಗಲೇ ಪತ್ರ ಬರೆದಿದ್ದರೆ? ಮೊದಲು ಹೋಗಿ ಕೇಳಿ. ಬರೆದಿದ್ದರೆ "ಸಮಿತಿ ಶುರು ಮಾಡಿದ ಪತ್ರ ವ್ಯವಹಾರವನ್ನು ಮುಂದುವರಿಸುತ್ತೇನೆ" ಎಂದು ಸೇರಿಸಿ. ಎದುರಾಳಿಯ ಬಗ್ಗೆ ನಿಮ್ಮ ಹಾಳೆಯಲ್ಲಿ ಅಷ್ಟು ಇದ್ದರೆ ಸಾಕು. ಅದಕ್ಕಿಂತ ಹೆಚ್ಚು ಹೊಗಳಿದರೆ ಅದೂ ಚುಚ್ಚಿದಂತೆಯೇ ಕೇಳಿಸುತ್ತದೆ.

ನೀರು ಮತ್ತು ಮೇಂಟೆನೆನ್ಸ್ ಸಾಲುಗಳು ಒಂದಕ್ಕೊಂದು ಜಗಳ ಆಡುತ್ತಿವೆ. ಮನೆಗೆ ನಾಲ್ಕು ಜನ, ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ಹಿಡಿದರೆ 48 ಮನೆಗೆ ದಿನಕ್ಕೆ ಸುಮಾರು 26,000 ಲೀಟರ್ ಬೇಕು. ಪಾಲಿಕೆ ನೀರು ಯಾವಾಗ ಬರುತ್ತದೆ ಎನ್ನುವುದು ನಿಮ್ಮ ಕೈಯಲ್ಲಿಲ್ಲ. ರಕ್ಕಸಕೊಪ್ಪ, ಹಿಡಕಲ್ ಜಲಾಶಯಗಳು ಯಾವ ಸಂಘದ ಕಾರ್ಯದರ್ಶಿಯ ಮಾತೂ ಕೇಳುವುದಿಲ್ಲ. ಸಂಪಿನಲ್ಲಿ ಇರುವುದು ಮುಗಿದರೆ ಉಳಿಯುವುದು ಬೋರ್‌ವೆಲ್ ಮತ್ತು ಟ್ಯಾಂಕರ್. ಟ್ಯಾಂಕರ್ ಬಿಲ್ ಹೋಗುವುದು ಮೇಂಟೆನೆನ್ಸ್‌ನಿಂದಲೇ. ಹಾಗಾಗಿ ಎರಡೂ ಭರವಸೆಗಳನ್ನು ಒಟ್ಟಿಗೆ ಕೊಟ್ಟರೆ ಲೆಕ್ಕ ಗೊತ್ತಿರುವವರು ನಗುತ್ತಾರೆ. ನಿಮ್ಮ ಕೈಯಲ್ಲಿ ಇರುವುದನ್ನು ಮಾತ್ರ ಹೇಳಿ: ಟ್ಯಾಂಕರ್ ಬಂದ ದಿನ ಮತ್ತು ಲೀಟರ್ ವಾಚ್‌ಮನ್ ರಿಜಿಸ್ಟರ್‌ನಲ್ಲಿ ಬರೆಸುವುದು, ಸಂಪು ತೊಳೆಸುವ ತಿಂಗಳು ಮೊದಲೇ ತಿಳಿಸುವುದು. ಮೇಂಟೆನೆನ್ಸ್ ಸಾಲನ್ನು ತೆಗೆದುಬಿಡಿ. ಅದನ್ನು ನಿರ್ಧರಿಸುವುದು ಮಹಾಸಭೆ.

ಇನ್ನು ಅನುಭವ. 32 ವರ್ಷ ಬ್ಯಾಂಕಿನಲ್ಲಿ ಇದ್ದದ್ದು ದೊಡ್ಡ ಮಾತು. ಆದರೆ ವರ್ಷ ಎಣಿಸಿದರೆ ಓದುವವರಿಗೆ ಏನೂ ಸಿಗುವುದಿಲ್ಲ. ಆ ಕೆಲಸದಲ್ಲಿ ಮಾಡಿದ್ದು ಈ ಕೆಲಸಕ್ಕೆ ಎಲ್ಲಿ ತಾಗುತ್ತದೆ ಎಂದು ಒಂದು ಸಾಲಿನಲ್ಲಿ ಹೇಳಿ. ದಿನದ ಕೊನೆಗೆ ಕ್ಯಾಶ್ ಟ್ಯಾಲಿ ಮಾಡಿದ್ದೀರಾ? ಆಡಿಟರ್‌ಗಳಿಗೆ ವೋಚರ್ ತೋರಿಸಿದ್ದೀರಾ? ಅದನ್ನೇ ಬರೆಯಿರಿ. ಪ್ಲಂಬಿಂಗ್, ಲಿಫ್ಟ್ ಬಗ್ಗೆ ಗೊತ್ತಿಲ್ಲದಿದ್ದರೆ ಅದನ್ನೂ ಒಪ್ಪಿಕೊಳ್ಳಿ. ನಿಮ್ಮ ಅಪಾರ್ಟ್‌ಮೆಂಟಿನಲ್ಲೇ ಒಬ್ಬರಾದರೂ ಸಿವಿಲ್ ಎಂಜಿನಿಯರ್ ಇರುತ್ತಾರೆ, ಅವರನ್ನು ಮೊದಲೇ ಕೇಳಿ ಒಪ್ಪಿಸಿಟ್ಟುಕೊಳ್ಳಿ.

ಎಲ್ಲ ಸೇರಿಸಿದರೆ ನಿಮ್ಮ ಹಾಳೆ ಸುಮಾರಾಗಿ ಹೀಗಾಗುತ್ತದೆ:

"ಎಲ್ಲರಿಗೂ ನಮಸ್ಕಾರ. ಕಾರ್ಯದರ್ಶಿ ಸ್ಥಾನಕ್ಕೆ ನಾನು ನಿಂತಿದ್ದೇನೆ. ಬ್ಯಾಂಕಿನಲ್ಲಿದ್ದಾಗ ದಿನದ ಲೆಕ್ಕ ಹೊಂದಿಸುವುದು, ಆಡಿಟ್‌ಗೆ ಕಾಗದ ತಯಾರು ಮಾಡುವುದು ನನ್ನ ಕೆಲಸವಾಗಿತ್ತು. ಆರಿಸಿದರೆ ಮೂರು ಕೆಲಸ ಮಾಡುತ್ತೇನೆ. ಪ್ರತಿ ತಿಂಗಳು 10ರೊಳಗೆ ಹಿಂದಿನ ತಿಂಗಳ ಲೆಕ್ಕವನ್ನು ಬೋರ್ಡಿಗೆ ಹಾಕುತ್ತೇನೆ. ಟೆರೇಸ್ ಸೋರಿಕೆಗೆ ಐದು ವರ್ಷದ ಅವಧಿ ಮುಗಿಯುವ ಮೊದಲೇ ಬಿಲ್ಡರ್‌ಗೆ ಸಂಘದಿಂದ ನೋಟಿಸ್ ಕಳಿಸುತ್ತೇನೆ. ಅದಕ್ಕೂ ಮುಂಚೆ ನಮ್ಮ ಹಣ ಖರ್ಚು ಮಾಡುವ ಪ್ರಸ್ತಾಪ ತರುವುದಿಲ್ಲ. ಟ್ಯಾಂಕರ್ ನೀರಿನ ಲೆಕ್ಕವನ್ನು ರಿಜಿಸ್ಟರ್‌ನಲ್ಲಿ ಬರೆಸುತ್ತೇನೆ, ಯಾರು ಬೇಕಾದರೂ ನೋಡಬಹುದು. ಕಟ್ಟಡ ರಿಪೇರಿಯ ತಾಂತ್ರಿಕ ವಿಷಯ ನನಗೆ ಅಷ್ಟು ಗೊತ್ತಿಲ್ಲ, ತಿಳಿದವರನ್ನು ಕೇಳಿಯೇ ಮಾಡುತ್ತೇನೆ. ಪ್ರಶ್ನೆ ಇದ್ದರೆ ಸಂಜೆ 6ರ ನಂತರ ಮನೆಗೆ ಬನ್ನಿ."

ನಿಮ್ಮಲ್ಲಿ ಮರಾಠಿ ಮಾತಾಡುವ ಮನೆಗಳೂ ಇರುತ್ತವೆ. ಅದೇ ಒಕ್ಕಣೆಯನ್ನು ಮರಾಠಿಯಲ್ಲೂ ಬರೆಸಿ, ಎರಡನ್ನೂ ಒಂದೇ ದಿನ ಹಾಕಿ. ಒಂದು ಮೊದಲು ಇನ್ನೊಂದು ನಾಳೆ ಎಂದರೆ ಸುಮ್ನೆ ಮಾತು ಬೆಳೆಯುತ್ತದೆ.

ಲೆಕ್ಕದ ಬಗ್ಗೆ ನಿಮಗೆ ನಿಜವಾಗಿ ಅನುಮಾನ ಇದ್ದರೆ ಅದನ್ನು ನುಂಗಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ದಾರಿ ಬೇರೆ. ಸದಸ್ಯರಾಗಿ ಸಮಿತಿಗೆ ಪತ್ರ ಕೊಡಿ. ಯಾವ ತಿಂಗಳ ಯಾವ ಖರ್ಚಿನ ವೋಚರ್ ನೋಡಬೇಕು ಎಂದು ಬರೆಯಿರಿ. ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಮಹಾಸಭೆಯಲ್ಲಿ ಎದ್ದು ಕೇಳಿ. ಅಲ್ಲಿ ಅವರೂ ಎದುರಿಗೇ ಇರುತ್ತಾರೆ, ಉತ್ತರ ಕೊಡಬಹುದು. ಬೋರ್ಡಿನ ಹಾಳೆಗೆ ಆ ಅನುಕೂಲ ಇಲ್ಲ.

ಕೊನೆಗೆ, ಹಾಳೆ ಅಂಟಿಸುವ ಮೊದಲು ಒಂದು ಕೆಲಸ ಮಾಡಿ. ಸಂಘ ಯಾವ ಕಾಯ್ದೆಯಡಿ ನೋಂದಣಿಯಾಗಿದೆ ನೋಡಿ: 1960ರ ಸಂಘಗಳ ನೋಂದಣಿ ಕಾಯ್ದೆಯೋ, 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯೋ, 1959ರ ಸಹಕಾರ ಸಂಘಗಳ ಕಾಯ್ದೆಯೋ? ಯಾರು ನಿಲ್ಲಬಹುದು, ಮತ ಎಣಿಸುವುದು ಹೇಗೆ ಎನ್ನುವುದು ಅದರ ಮೇಲೆ, ನಿಮ್ಮ ಬೈಲಾದ ಮೇಲೆ ನಿಂತಿದೆ. ಸಹಕಾರ ಸಂಘವಾದರೆ ಒಬ್ಬ ಸದಸ್ಯರಿಗೆ ಒಂದೇ ಮತ. ಫ್ಲ್ಯಾಟ್ ಯಜಮಾನರ ಹೆಸರಿನಲ್ಲಿ ಮಾತ್ರ ಇದ್ದು, ಸದಸ್ಯರ ಪಟ್ಟಿಯಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ ನಾಮಪತ್ರವೇ ಬಿದ್ದುಹೋಗಬಹುದು. ಬಾಕಿ ಮೇಂಟೆನೆನ್ಸ್ ಇದ್ದರೂ ಅಷ್ಟೇ, ಎಷ್ಟೋ ಬೈಲಾಗಳಲ್ಲಿ ಆ ಷರತ್ತು ಇರುತ್ತದೆ. ಈ ವಾರವೇ ಸದಸ್ಯರ ರಿಜಿಸ್ಟರ್ ತೆಗೆಸಿ ನೋಡಿಬಿಡಿ.