ಊರಿಗೆ ಹೋಗುವ ಮೊದಲು ಒಂದು ಲೆಕ್ಕ, ಒಂದು ಪತ್ರ

ಪ್ರಶ್ನೆ: ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ವರ್ಷಕ್ಕೆ 18 ಲಕ್ಷ. ಸಾಗರದಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ವಯಸ್ಸಾಗಿದೆ. ಸಂಬಳ ತೀರಾ ಕಮ್ಮಿಯಾಗದೆ ಊರಿಗೆ ಹೋಗೋಕೆ ದಾರಿ ಇದೆಯಾ?

ಹೊಸ ಕೆಲಸ ಹುಡುಕುವ ಮೊದಲು ಈಗಿರುವ ಕಂಪನಿಯಲ್ಲೇ ಪ್ರಾಜೆಕ್ಟ್ ಬದಲಿಸಲು ನೋಡಿ. ನಾನು ಶಿರಸಿಗೆ ಬಂದಿದ್ದು ಹಾಗೆಯೇ. ಬ್ಯಾಂಕುಗಳ ಕೆಲಸವಾದರೆ ಎಷ್ಟೋ ಕಡೆ ಆಫೀಸಿನ ಒಡಿಸಿ, ಅಂದರೆ ಆ ಗ್ರಾಹಕರ ಕೆಲಸಕ್ಕೆಂದೇ ಮೀಸಲಿಟ್ಟ ಜಾಗದ ಒಳಗೇ ಕೂತು ಮಾಡಬೇಕು. ಅಲ್ಲಿ ಮ್ಯಾನೇಜರ್ ಎಷ್ಟೇ ಒಳ್ಳೆಯವರಾದರೂ ಮನೆಗೆ ಬಿಡುವುದು ಅವರ ಕೈಯಲ್ಲಿಲ್ಲ. ತಂಡದವರು ಈಗಾಗಲೇ ಬೇರೆ ಬೇರೆ ಊರುಗಳಲ್ಲಿರುವ ಪ್ರಾಜೆಕ್ಟ್ ಹಿಡಿಯಿರಿ. ಎಲ್ಲರೂ ಒಂದೇ ಮಹಡಿಯಲ್ಲಿ ಕೂರುವ ತಂಡದಲ್ಲಿ ನೀವೊಬ್ಬರೇ ದೂರ ಇದ್ದರೆ ಇವತ್ತಲ್ಲ ನಾಳೆ ವಾಪಸ್ ಕರೆಯುತ್ತಾರೆ.

ಕೇಳುವುದು ಅಪ್ರೈಸಲ್ ಪತ್ರ ಕೈಗೆ ಬಂದ ಮೇಲೆ, ಮೊದಲಲ್ಲ. ಮನೆಯಿಂದ ಕೆಲಸ ಮಾಡಬಹುದು ಅಂತ ಬಾಯಲ್ಲಿ ಹೇಳಿದರೆ ಸಾಲದು. ಅದಕ್ಕೆ ಕಂಪನಿ ಕೊಡುವ ಪತ್ರದಲ್ಲಿ ಕೆಲಸದ ಸ್ಥಳ ಸಾಗರ ಎಂದೇ ಇರಬೇಕು. ಬೆಂಗಳೂರು ಎಂದಿದ್ದರೆ ಅದು ಬರೀ ತಾತ್ಕಾಲಿಕ ಅನುಮತಿ.

ಊರಿನ ಲೆಕ್ಕದಲ್ಲಿ ಸಂಬಳ ಇಳಿಸುತ್ತೇವೆ ಎಂದರೆ ಗಾಬರಿಯಾಗಬೇಡಿ, ಕೈಗೆ ಬರುವುದೆಷ್ಟು ನೋಡಿ. 18 ಲಕ್ಷ 15 ಲಕ್ಷವಾಯಿತು ಅಂದುಕೊಳ್ಳಿ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 18 ಲಕ್ಷಕ್ಕೆ ತೆರಿಗೆ 1,50,800 ರೂಪಾಯಿ, 15 ಲಕ್ಷಕ್ಕೆ 97,500. ಅಂದರೆ 3 ಲಕ್ಷದ ಕಡಿತದಲ್ಲಿ 53,300 ರೂಪಾಯಿ ತೆರಿಗೆಯಲ್ಲೇ ಉಳಿಯಿತು. ಪಿಎಫ್ ಬದಿಗಿಟ್ಟರೆ ನಿಮಗೆ ನಿಜವಾಗಿ ಕಮ್ಮಿಯಾಗುವುದು ತಿಂಗಳಿಗೆ ಸುಮಾರು 20,500. ನಿಮ್ಮ ಬಾಡಿಗೆ, ಮೇಂಟೆನೆನ್ಸ್ ಸೇರಿ ಅದಕ್ಕಿಂತ ಜಾಸ್ತಿ ಇದ್ದರೆ ಕೈಯಿಂದ ಏನೂ ಹೋಗಲಿಲ್ಲ, ಅಲ್ವಾ? ಬೆಂಗಳೂರಲ್ಲಿ ಸ್ವಂತ ಮನೆ ಇದ್ದವರಿಗೆ ಮಾತ್ರ ಈ ಲೆಕ್ಕ ಕೂಡಿಬರಲ್ಲ.

ನಿಜವಾಗಿ ಹೆದರಬೇಕಾದದ್ದು ಇನ್ನೊಂದಕ್ಕೆ. "ಸಂಬಳ ಅಷ್ಟೇ ಕೊಡ್ತೀವಿ, ಕನ್ಸಲ್ಟೆಂಟ್ ಆಗಿ ಬನ್ನಿ" ಎನ್ನುವವರಿದ್ದಾರೆ. ಕೇಳಲು ಚೆಂದ. ಆದರೆ ಪಿಎಫ್, ಗ್ರಾಚ್ಯುಟಿ ಜೊತೆಗೆ ಕಂಪನಿಯ ಗುಂಪು ವಿಮೆಯೂ ಹೋಗುತ್ತದೆ. ಆ ವಿಮೆಯಲ್ಲಿ ಅಪ್ಪ ಅಮ್ಮನ ಹೆಸರಿದ್ದರೆ ಸಾಮಾನ್ಯವಾಗಿ ಹಳೆಯ ಶುಗರ್, ಬಿಪಿಗೂ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ. ಹೊರಗೆ ಹೊಸದಾಗಿ ಪಾಲಿಸಿ ಮಾಡಿಸಿದರೆ ಹಳೆಯ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಬಹುದು. ಎಪ್ಪತ್ತು ದಾಟಿದವರಿಗೆ ಪ್ರೀಮಿಯಂ ಎಷ್ಟು ಹೇಳುತ್ತಾರೆ ಅಂತ ಒಮ್ಮೆ ವಿಚಾರಿಸಿ, ಸುಸ್ತಾಗುತ್ತೀರಿ. ಹಾಗಾಗಿ ಅಂಥ ಕಡೆ ಹೋಗಲೇಬೇಕಾದರೆ ರಾಜೀನಾಮೆಗೆ ಮೊದಲೇ ಹೊರಗಿನ ಪಾಲಿಸಿ ಮಾಡಿಸಿಕೊಳ್ಳಿ. ಇಲ್ಲವೇ ಗುಂಪು ಪಾಲಿಸಿಯನ್ನೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಿಸಿಕೊಡುತ್ತಾರಾ ಎಂದು ಎಚ್‌ಆರ್ ಅವರನ್ನು ಕೇಳಿ.

ಮತ್ತೆ, ನಮ್ಮ ಕಡೆ ಮಳೆಗಾಲ ಗೊತ್ತಲ್ಲ. ಇನ್ವರ್ಟರ್ ಜೊತೆಗೆ ಇಂಟರ್ನೆಟ್ಟಿಗೆ ಬೇರೆ ಬೇರೆ ಕಂಪನಿಗಳ ಎರಡು ಲೈನ್ ಇಟ್ಟುಕೊಳ್ಳಿ.